510 ಸರಿಯೇ? ಸಬ್‌ನೆಟ್ ಉತ್ತರವನ್ನು ತಾಳೆ ನೋಡುವ ಬಗೆ

ಹೀಗೊಂದು ಲೆಕ್ಕ: ವೈಟ್‌ಫೀಲ್ಡಿನ ಕಚೇರಿಯೊಂದರ ಎರಡನೇ ಮಹಡಿಯಲ್ಲಿ 300 ಸಾಧನಗಳಿವೆ. ಗೇಟ್‌ವೇ ಕೂಡ ಆ ಮುನ್ನೂರರಲ್ಲೇ ಸೇರಿದೆ. ಎಲ್ಲವೂ ಒಂದೇ ಸಬ್‌ನೆಟ್‌ನಲ್ಲಿರಬೇಕು, ವಿಳಾಸಗಳು ಆದಷ್ಟು ಕಡಿಮೆ ಪೋಲಾಗಬೇಕು. ಅಲ್ಲಿನ ಒಂದು ಕಂಪ್ಯೂಟರಿನ ವಿಳಾಸ 172.20.45.100. ಸಬ್‌ನೆಟ್ ಮಾಸ್ಕ್ ಯಾವುದು? ಬಳಸಬಹುದಾದ ವಿಳಾಸಗಳು ಎಷ್ಟು?

ವಿದ್ಯಾರ್ಥಿ ಬರೆದ ಉತ್ತರ 255.255.254.0 ಮತ್ತು 510. ಇದು ಸರಿಯೋ ತಪ್ಪೋ ಎಂದು ನೋಡಲು ಹೆಚ್ಚಿನವರು ಅದೇ ಸೂತ್ರವನ್ನು ಇನ್ನೊಮ್ಮೆ ಹಾಕುತ್ತಾರೆ: ಎರಡರ ಘಾತ ಒಂಬತ್ತು, ಕಳೆ ಎರಡು. ಉತ್ತರ ಮತ್ತೆ 510 ಬರುತ್ತದೆ, ಬರಲೇಬೇಕು. ಆದರೆ ಆ ‘ಒಂಬತ್ತು’ ತಪ್ಪಾಗಿದ್ದರೆ? ಬಿಟ್‌ಗಳನ್ನು ಎಣಿಸುವಾಗ ಆದ ತಪ್ಪು ಎರಡನೇ ಸಲವೂ ಅಷ್ಟೇ ಸಲೀಸಾಗಿ ನುಸುಳುತ್ತದೆ. ಹೋದ ದಾರಿಯಲ್ಲೇ ಮತ್ತೆ ನಡೆದರೆ ಅದು ತಾಳೆ ನೋಡಿದಂತಾಗುವುದಿಲ್ಲ. ಬೇರೆ ದಾರಿಯಲ್ಲಿ ಹೋಗಿ ಅದೇ ಜಾಗ ಮುಟ್ಟಬೇಕು.

ಮೊದಲು ಮಾಸ್ಕ್ ಏನು ಮಾಡುತ್ತದೆಂಬುದನ್ನು ನೆನಪಿಗೆ ತಂದುಕೊಳ್ಳೋಣ. ‘45, 4ನೇ ಅಡ್ಡರಸ್ತೆ, ಜಯನಗರ’ ಎಂದು ಬರೆದಾಗ ಮನೆ ಸಂಖ್ಯೆ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂಬುದನ್ನು ಅಲ್ಪವಿರಾಮ ಹೇಳುತ್ತದೆ. 172.20.45.100 ಎಂಬುದರಲ್ಲಿ ಅಂಥ ಅಲ್ಪವಿರಾಮವಿಲ್ಲ. ಚುಕ್ಕಿಗಳು ಇವೆಯಲ್ಲ ಎನ್ನಬಹುದು. ಅವು ಓದಲು ಅನುಕೂಲವಾಗಲೆಂದು ಎಂಟೆಂಟು ಬಿಟ್‌ಗಳಿಗೊಂದರಂತೆ ಇಟ್ಟವು, ಗಡಿ ಅಲ್ಲಿಯೇ ಬೀಳಬೇಕೆಂದಿಲ್ಲ. ಗಡಿ ಹಾಕುವುದು ಮಾಸ್ಕ್. ಅದರ 32 ಬಿಟ್‌ಗಳಲ್ಲಿ ಮೊದಲು ಬರೀ ಒಂದುಗಳು, ಆಮೇಲೆ ಬರೀ ಸೊನ್ನೆಗಳು. ಒಂದುಗಳಿರುವಷ್ಟು ದೂರ ನೆಟ್‌ವರ್ಕ್, ಸೊನ್ನೆಗಳಿರುವ ಕಡೆ ಹೋಸ್ಟ್, ಅಂದರೆ ಆ ನೆಟ್‌ವರ್ಕಿನೊಳಗಿನ ಸಾಧನ. ವಿದ್ಯಾರ್ಥಿಯ ಮಾಸ್ಕಿನಲ್ಲಿ ಸೊನ್ನೆಗಳು ಒಂಬತ್ತು, ಸೂತ್ರದ ‘ಒಂಬತ್ತು’ ಬಂದದ್ದು ಅಲ್ಲಿಂದ.

ಇದರಿಂದಲೇ ಮೊದಲ ಪರೀಕ್ಷೆ ಸಿಗುತ್ತದೆ, ಅದಕ್ಕೆ ಅರ್ಧ ನಿಮಿಷವೂ ಬೇಡ. ಒಂದುಗಳ ನಡುವೆ ಸೊನ್ನೆ ಬರುವಂತಿಲ್ಲ. ಆದ್ದರಿಂದ ಮಾಸ್ಕಿನ ಯಾವ ಭಾಗದಲ್ಲೇ ಆಗಲಿ ಬರಬಹುದಾದ ಸಂಖ್ಯೆಗಳು ಒಂಬತ್ತೇ: 0, 128, 192, 224, 240, 248, 252, 254, 255. ಈ ಲೆಕ್ಕಕ್ಕೆ 255.255.253.0 ಎಂದು ಬರೆಯುವವರಿದ್ದಾರೆ. ಮೂರನೇ ಭಾಗದಲ್ಲಿ ಎರಡು ಸಂಖ್ಯೆಗಳು ಬೇಕಲ್ಲ, 255ರಿಂದ 2 ಕಳೆದರೆ 253 ಎಂಬುದು ಅವರ ತರ್ಕ. ಸೊನ್ನೆಯಿಂದ 255ರವರೆಗೆ ಇರುವುದು 256 ಸಂಖ್ಯೆಗಳು, ಕಳೆಯಬೇಕಾದ್ದು 256ರಿಂದ ಎಂಬುದು ಅಲ್ಲಿ ಮರೆತುಹೋಗಿರುತ್ತದೆ. 253ನ್ನು ಬಿಟ್‌ಗಳಲ್ಲಿ ಬರೆದರೆ 11111101, ನಡುವೆ ಒಂದು ತೂತು. ಅಂಥ ಮಾಸ್ಕ್ ಸಲ್ಲುವುದಿಲ್ಲ. ನಮ್ಮ 254 ಪಟ್ಟಿಯಲ್ಲಿದೆ, ಮುಂದೆ ಹೋಗಬಹುದು.

ಎರಡನೆಯದು, ಪ್ರಶ್ನೆ ಕೇಳಿದ್ದಕ್ಕೆ ಉತ್ತರ ಹೊಂದುತ್ತದೆಯೇ? ಇಲ್ಲಿ ಮಾಸ್ಕನ್ನು ಒಂದು ಮೆಟ್ಟಿಲು ಆ ಕಡೆ, ಒಂದು ಮೆಟ್ಟಿಲು ಈ ಕಡೆ ಸರಿಸಿ ನೋಡಬೇಕು. ಒಂದು ಬಿಟ್ ಬಿಗಿ ಮಾಡಿದರೆ 255.255.255.0, ಸಿಗುವುದು 254 ವಿಳಾಸ, ಮುನ್ನೂರಕ್ಕೆ ಸಾಲದು. ಒಂದು ಬಿಟ್ ಸಡಿಲಿಸಿದರೆ 255.255.252.0, ಸಿಗುವುದು 1022. ಸಾಕು, ಆದರೆ ಏಳುನೂರಕ್ಕೂ ಹೆಚ್ಚು ವಿಳಾಸ ಸುಮ್ಮನೆ ಬಿದ್ದಿರುತ್ತವೆ. 254 ಸಾಲದು, 510 ಸಾಕು ಎಂದಾಗ ನಡುವೆ ಬೇರೆ ಆಯ್ಕೆಯೇ ಇಲ್ಲ. ಎರಡು 255.255.255.0 ಸಬ್‌ನೆಟ್‌ಗಳನ್ನು ಸೇರಿಸಿ 508 ಎಂದು ಬರೆದ ಉತ್ತರಗಳೂ ಬರುತ್ತವೆ. ಅಲ್ಲಿ ಕೂಡುವಿಕೆ ಸರಿಯಿದೆ, ಆದರೆ ಅವು ಎರಡು ಬೇರೆ ಸಬ್‌ನೆಟ್‌ಗಳು. ಪ್ರಶ್ನೆ ಕೇಳಿದ್ದು ಒಂದನ್ನು.

ಗೇಟ್‌ವೇ ಮುನ್ನೂರರಲ್ಲೇ ಸೇರಿದೆ ಎಂದು ಪ್ರಶ್ನೆಯಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಗೇಟ್‌ವೇ ಎಂದರೆ ರೌಟರಿನ ಈ ಮಹಡಿಯ ಕಡೆಗಿನ ಕೊನೆ, ಅದಕ್ಕೂ ಇದೇ ಸಬ್‌ನೆಟ್ಟಿನಿಂದ ಒಂದು ವಿಳಾಸ ಬೇಕು. ಮುನ್ನೂರರ ಲೆಕ್ಕದಲ್ಲಿ ಇದರಿಂದ ವ್ಯತ್ಯಾಸವಾಗದು. ಆದರೆ ‘30 ಕಂಪ್ಯೂಟರುಗಳಿರುವ ಲ್ಯಾಬ್’ ಎಂದು ಪ್ರಶ್ನೆ ಬಂದರೆ 255.255.255.224 ಸರಿಯಾಗಿ 30 ವಿಳಾಸ ಕೊಡುತ್ತದೆ, ಗೇಟ್‌ವೇ ಹೊರಗೆ ಉಳಿಯುತ್ತದೆ. ಪರೀಕ್ಷೆಯಲ್ಲಿ ಅಂಕ ಸಿಕ್ಕೀತು, ಆದರೆ ಲ್ಯಾಬಿನಲ್ಲಿ ಮೂವತ್ತನೆಯ ಕಂಪ್ಯೂಟರಿಗೆ ವಿಳಾಸ ಸಿಗುವುದಿಲ್ಲ. ಕೇಳಿದ ಸಂಖ್ಯೆ 14, 30, 62, 126, 254ರಂತೆ ಅಂಚಿಗೇ ಬಂದು ಕೂತಿದ್ದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕು.

ಈಗ ನಿಜವಾದ ತಾಳೆ. ಸೂತ್ರ ಬದಿಗಿಟ್ಟು, ಈ ಸಬ್‌ನೆಟ್ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಹುಡುಕಿ ಕೈಯಾರೆ ಎಣಿಸೋಣ. ಮಾಸ್ಕಿನಲ್ಲಿ 255 ಇರುವ ಭಾಗಗಳಲ್ಲಿ ವಿಳಾಸ ಇದ್ದಂತೆಯೇ ಉಳಿಯುತ್ತದೆ, 0 ಇರುವ ಭಾಗ ಸೊನ್ನೆಯಾಗುತ್ತದೆ. ಕೆಲಸವಿರುವುದು ಮೂರನೇ ಭಾಗದಲ್ಲಿ ಮಾತ್ರ.

```
 45 = 00101101
254 = 11111110
AND = 00101100 = 44
```

ಎರಡೂ ಸಾಲಿನಲ್ಲಿ ಒಂದಿದ್ದರೆ ಮಾತ್ರ ಕೆಳಗೆ ಒಂದು. ಕೊನೆಯ ಬಿಟ್ ಅಳಿಸಿಹೋಯಿತು, 45 ಹೋಗಿ 44 ಆಯಿತು. ಅಂದರೆ ನೆಟ್‌ವರ್ಕ್ ವಿಳಾಸ 172.20.44.0. ಮೂರನೇ ಭಾಗದಲ್ಲಿ ಎರಡೆರಡರ ಜಿಗಿತ (256 ಕಳೆ 254), ಹಾಗಾಗಿ ಮುಂದಿನ ಸಬ್‌ನೆಟ್ 172.20.46.0ರಿಂದ ಶುರು. ಅದಕ್ಕೆ ಒಂದು ಹಿಂದಿನದು ನಮ್ಮ ಬ್ರಾಡ್‌ಕಾಸ್ಟ್ ವಿಳಾಸ: 172.20.45.255. ಇಲ್ಲೊಂದು ಸಣ್ಣ ಗುರುತು: ಜಿಗಿತ ಎರಡಿದ್ದಾಗ ನೆಟ್‌ವರ್ಕ್ ವಿಳಾಸದ ಮೂರನೇ ಭಾಗ ಯಾವಾಗಲೂ ಸಮಸಂಖ್ಯೆ. ಉತ್ತರದಲ್ಲಿ 172.20.45.0 ನೆಟ್‌ವರ್ಕ್ ವಿಳಾಸವೆಂದು ಕಂಡರೆ ಲೆಕ್ಕ ಹಾಕದೆಯೇ ತಪ್ಪೆನ್ನಬಹುದು.

ನೆಟ್‌ವರ್ಕ್ ವಿಳಾಸ, ಬ್ರಾಡ್‌ಕಾಸ್ಟ್ ವಿಳಾಸ ಎರಡನ್ನೂ ಯಾವ ಸಾಧನಕ್ಕೂ ಕೊಡುವಂತಿಲ್ಲ, ‘ಕಳೆ ಎರಡು’ ಎಂಬುದು ಅವೇ. ಅವನ್ನು ಬಿಟ್ಟು ಮೊದಲು 44ರ ಪಾಲು ಎಣಿಸಿ. 172.20.44.1ರಿಂದ 172.20.44.255ರವರೆಗೆ 255 ವಿಳಾಸ. ಆಮೇಲೆ 45ರ ಪಾಲು, 172.20.45.0ರಿಂದ 172.20.45.254ರವರೆಗೆ ಮತ್ತೆ 255. ಕೂಡಿದರೆ 510. ಘಾತದ ಮಾತೇ ಎತ್ತದೆ ಅದೇ ಸಂಖ್ಯೆಗೆ ಬಂದೆವು. ಉತ್ತರ ನಿಂತಿತು.

ಈ ಎಣಿಕೆಯಲ್ಲಿ ಬಹಳ ಜನ ಎಡವುವ ಜಾಗ ನಡುವಿನದು. 172.20.44.255 ಮತ್ತು 172.20.45.0 ಇವೆರಡನ್ನೂ ಕಂಡ ಕೂಡಲೇ ಕೈ ತಾನಾಗಿ ಅವನ್ನು ಹೊಡೆದುಹಾಕುತ್ತದೆ. ಕೊನೆಯಲ್ಲಿ 255 ಇದ್ದರೆ ಬ್ರಾಡ್‌ಕಾಸ್ಟ್, 0 ಇದ್ದರೆ ನೆಟ್‌ವರ್ಕ್ ಎಂಬ ಅಭ್ಯಾಸ 255.255.255.0 ಮಾಸ್ಕಿನೊಂದಿಗೇ ಬೆಳೆದದ್ದು. ಇಲ್ಲಿ ಹೋಸ್ಟ್ ಭಾಗ ಒಂಬತ್ತು ಬಿಟ್. 172.20.44.255ರಲ್ಲಿ ಆ ಒಂಬತ್ತು ಬಿಟ್‌ಗಳು 0 11111111, ಎಲ್ಲವೂ ಒಂದಲ್ಲ. 172.20.45.0ರಲ್ಲಿ ಅವು 1 00000000, ಎಲ್ಲವೂ ಸೊನ್ನೆಯಲ್ಲ. ಎರಡೂ ಯಾವ ಕಂಪ್ಯೂಟರಿಗಾದರೂ ಕೊಡಬಹುದಾದ ಸಾಮಾನ್ಯ ವಿಳಾಸಗಳೇ. ಯಾರ ಉತ್ತರದಲ್ಲಾದರೂ 508 ಕಂಡರೆ ಒಂದೋ ಎರಡು ಸಬ್‌ನೆಟ್ ಕೂಡಿಸಿದ್ದಾರೆ, ಇಲ್ಲವೇ ಈ ಎರಡನ್ನು ಬಿಟ್ಟಿದ್ದಾರೆ.

‘ಕಳೆ ಎರಡು’ ಎಂಬುದಕ್ಕೂ ಮಿತಿಯಿದೆ. ಎರಡು ರೌಟರುಗಳ ನಡುವಿನ ನೇರ ಕೊಂಡಿಗೆ /31, ಅಂದರೆ 31 ಒಂದುಗಳಿರುವ ಮಾಸ್ಕ್, ಬಳಸಿದಾಗ ಇರುವುದೇ ಎರಡು ವಿಳಾಸ, ಎರಡನ್ನೂ ಕಳೆದರೆ ಸೊನ್ನೆ. 2000ನೇ ಇಸವಿಯ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 3021 ಅಲ್ಲಿ ಎರಡೂ ವಿಳಾಸಗಳನ್ನು ಬಳಸಲು ದಾರಿ ಮಾಡಿಕೊಟ್ಟಿತು. ಇನ್ನೊಂದು ಗೊಂದಲ ಹಳೆಯ ಪಠ್ಯಗಳಿಂದ ಬಂದದ್ದು. 172.20.0.0/16ನ್ನು ನಮ್ಮ ಮಾಸ್ಕಿನಿಂದ ಹಂಚಿದರೆ ಏಳು ಬಿಟ್ ಎರವಲು, 128 ಸಬ್‌ನೆಟ್. ಹಳೆಯ ಪದ್ಧತಿಯಲ್ಲಿ ಇಲ್ಲೂ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು 126 ಎನ್ನುತ್ತಿದ್ದರು. ಆ ರೂಢಿ ಸವೆದುಹೋಗಿದೆ ಎಂದು 1995ರ ಆರ್‌ಎಫ್‌ಸಿ 1878 ಸ್ಪಷ್ಟವಾಗಿ ಹೇಳಿಯಾಗಿದೆ. ವಿಳಾಸಗಳಿಂದ ಎರಡು ಕಳೆಯಿರಿ, ಸಬ್‌ನೆಟ್‌ಗಳಿಂದ ಕಳೆಯಬೇಡಿ.

ಕೈಲೆಕ್ಕ ಮುಗಿದ ಮೇಲೆ ಕಂಪ್ಯೂಟರಿಗೂ ಒಮ್ಮೆ ಒಪ್ಪಿಸಬಹುದು. ಪೈಥಾನ್‌ನಲ್ಲಿ ಇದಕ್ಕಾಗಿಯೇ ಒಂದು ಮಾಡ್ಯೂಲ್ ಜೊತೆಗೇ ಬರುತ್ತದೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

```python
import ipaddress
n = ipaddress.ip_interface("172.20.45.100/23").network
print(n, n.netmask, n.broadcast_address)
print(len(list(n.hosts())))
```

ಮೊದಲ ಸಾಲಿನಲ್ಲಿ 172.20.44.0/23, 255.255.254.0, 172.20.45.255 ಬರುತ್ತವೆ, ಎರಡನೆಯದರಲ್ಲಿ 510. `hosts()` ವಿಳಾಸಗಳನ್ನು ಒಂದೊಂದಾಗಿ ಹೊರತೆಗೆದು ಕೊಡುವುದರಿಂದ ಎಣಿಕೆ ಇಲ್ಲಿಯೂ ಸೂತ್ರದ ಹಂಗಿಲ್ಲದೆ ನಡೆಯುತ್ತದೆ. ತಪ್ಪು ನೆಟ್‌ವರ್ಕ್ ವಿಳಾಸವನ್ನು ಹಿಡಿಯಲು `ipaddress.ip_network("172.20.45.0/23")` ಎಂದು ಬರೆದು ನೋಡಿ. `has host bits set` ಎಂದು ದೂರುತ್ತಾ ಪ್ರೋಗ್ರಾಮ್ ನಿಲ್ಲುತ್ತದೆ. ಹೋಸ್ಟ್ ಭಾಗದಲ್ಲಿ ಒಂದು ಉಳಿದುಕೊಂಡಿದೆ, ಇದು ನೆಟ್‌ವರ್ಕ್ ವಿಳಾಸವಲ್ಲ ಎಂದು ಅರ್ಥ. ಪ್ರಶ್ನೆಯನ್ನು ಸರಿಯಾಗಿ ಓದಿದ್ದೀರಾ ಎಂಬುದನ್ನು ಮಾತ್ರ ಇದು ನೋಡದು. ಮುನ್ನೂರರ ಬದಲು ನೂರು ಎಂದು ಓದಿಕೊಂಡಿದ್ದರೆ, ನಿಮ್ಮ ತಪ್ಪು ಮಾಸ್ಕಿಗೂ ಅಷ್ಟೇ ನಿಖರವಾದ ಉತ್ತರ ಕೊಡುತ್ತದೆ.

ಕಾಗದದ ಮೇಲಿನ ತಪ್ಪು ಲ್ಯಾಬಿಗೆ ಬಂದಾಗ ಹೇಗೆ ಕಾಣುತ್ತದೆ? ಗೇಟ್‌ವೇ 172.20.44.1 ಎಂದಿಟ್ಟುಕೊಳ್ಳಿ. ನಮ್ಮ ಕಂಪ್ಯೂಟರಿಗೆ ಬಿಗಿಯಾದ 255.255.255.0 ಹಾಕಿದರೆ, ಅದರ ದೃಷ್ಟಿಯಲ್ಲಿ ಗೇಟ್‌ವೇ ಬೇರೆ ನೆಟ್‌ವರ್ಕಿನಲ್ಲಿದೆ. ಗೇಟ್‌ವೇ ನಿಮ್ಮ ಸಬ್‌ನೆಟ್‌ನಲ್ಲಿಲ್ಲ ಎಂದು ವಿಂಡೋಸ್ ಎಚ್ಚರಿಸುತ್ತದೆ. ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಸಡಿಲವಾದ ಮಾಸ್ಕ್ ಹಾಗಲ್ಲ. ಅದೇ ಕಂಪ್ಯೂಟರಿಗೆ 255.255.252.0 ಹಾಕಿದರೆ ಅಕ್ಕಪಕ್ಕದ ಕಂಪ್ಯೂಟರುಗಳು ಸಿಗುತ್ತವೆ, ಗೇಟ್‌ವೇ ಸಿಗುತ್ತದೆ, ಇಂಟರ್ನೆಟ್ಟೂ ಓಡುತ್ತದೆ. ಎಲ್ಲ ಸರಿಯಿದೆ ಎಂದು ಎದ್ದುಹೋಗುತ್ತೇವೆ. ಮೂರನೇ ಮಹಡಿಯ 172.20.46.10 ಮಾತ್ರ ಉತ್ತರಿಸುವುದಿಲ್ಲ. 44ರಿಂದ 47ರವರೆಗೆ ಎಲ್ಲವೂ ತನ್ನದೇ ಓಣಿ ಎಂದು ತಿಳಿದ ನಮ್ಮ ಕಂಪ್ಯೂಟರ್, ರೌಟರಿಗೆ ಕೊಡಬೇಕಾದ ಪ್ಯಾಕೆಟ್ಟನ್ನು ಇಟ್ಟುಕೊಂಡು ‘46.10 ಯಾರು?’ ಎಂದು ತನ್ನ ಮಹಡಿಯಲ್ಲೇ ಎಆರ್‌ಪಿ ಕೂಗು ಹಾಕುತ್ತಿರುತ್ತದೆ. ಆ ಕೂಗು ರೌಟರನ್ನು ದಾಟಿ ಮೇಲಿನ ಮಹಡಿಗೆ ಹೋಗುವುದಿಲ್ಲ. ರೌಟರಿನಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇದ್ದರಂತೂ ಆ ಕಂಪ್ಯೂಟರಿನ ಪರವಾಗಿ ರೌಟರೇ ಉತ್ತರ ಕೊಟ್ಟು ತಪ್ಪನ್ನು ಮುಚ್ಚಿಹಾಕುತ್ತದೆ. ಇಂಟರ್ನೆಟ್ ಇದೆ, ಪಕ್ಕದ ಮಹಡಿ ಮಾತ್ರ ಇಲ್ಲ ಎಂಬ ದೂರು ಬಂದಾಗ ಕೇಬಲ್ ಕಿತ್ತು ಹಾಕುವ ಮೊದಲು `ipconfig` ಕೊಟ್ಟು, ಮಾಸ್ಕಿನ ಮೂರನೇ ಸಂಖ್ಯೆ 254 ಇದೆಯೋ 252 ಇದೆಯೋ ನೋಡಿ.