ಅಂಕಪಟ್ಟಿ ಹಿಡಿದು ವೆಂಡರ್ ಜೊತೆ ಕೂರುವ ಮುಂಚೆ

ಪೀಣ್ಯದ ಒಬ್ಬ ವೆಂಡರ್ ನಮಗೆ ಬುಷ್ ಮಾಡಿಕೊಡುತ್ತಿದ್ದರು. ನಮ್ಮ ಅಂಕಪಟ್ಟಿಯಲ್ಲಿ ಗುಣಮಟ್ಟಕ್ಕೆ 50, ಡೆಲಿವರಿಗೆ 30, ಸ್ಪಂದನೆಗೆ 20 ಅಂಕ. ಆ ತಿಂಗಳು ಅವರು ಕಳಿಸಬೇಕಿದ್ದ 20 ಲಾಟ್‌ಗಳಲ್ಲಿ 13 ಮಾತ್ರ ಸಮಯಕ್ಕೆ ಬಂದಿವೆ ಎಂದು ನಮ್ಮ ಸಿಸ್ಟಂ ತೋರಿಸಿತ್ತು. ಅಂದರೆ ಶೇ. 65. ನಾನು ಆ ಅಂಕಿಯನ್ನೇ ನಂಬಿಕೊಂಡು ಮೀಟಿಂಗ್‌ಗೆ ಹೋದೆ.

ಅವರು ತಮ್ಮ ಡಿಸಿ, ಅಂದರೆ ಡೆಲಿವರಿ ಚಲನ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ಸರ್, ಈ ಎರಡು ಗಾಡಿ ಶನಿವಾರ ಸಂಜೆನೇ ನಿಮ್ಮ ಗೇಟ್‌ಗೆ ಬಂದಿವೆ. ಸೀಲ್ ನೋಡಿ" ಎಂದರು. ನಮ್ಮ ಸ್ಟೋರ್ಸ್‌ನವರು ಜಿಆರ್‌ಎನ್, ಅಂದರೆ ಸರಕು ಬಂದದ್ದಕ್ಕೆ ದಾಖಲೆ, ಮಾಡಿದ್ದು ಸೋಮವಾರ. ಸಿಸ್ಟಂ ಹಿಡಿದದ್ದು ಆ ತಾರೀಖನ್ನೇ. ಇನ್ನೆರಡು ಲಾಟ್‌ಗಳ ಶೆಡ್ಯೂಲನ್ನು ನಾವೇ ಎರಡು ದಿನ ಮುಂಚೆ ಬದಲಿಸಿದ್ದೆವು. ಈ ನಾಲ್ಕನ್ನು ಸರಿಪಡಿಸಿದರೆ 20ರಲ್ಲಿ 17, ಶೇ. 85. ನಿಜಕ್ಕೂ ತಡವಾಗಿದ್ದು ಮೂರೇ. ಆ ಮೂರೂ ಹೊರಗಿನ ಜಿಂಕ್ ಪ್ಲೇಟಿಂಗ್ ಅಂಗಡಿಯಲ್ಲಿ ಕಾಯುತ್ತಾ ಬಿದ್ದಿದ್ದವು. ಅದರ ಬಗ್ಗೆ ಮಾತಾಡಬೇಕಿದ್ದ ಒಂದು ಗಂಟೆ ತಾರೀಖಿನ ಜಗಳದಲ್ಲೇ ಕಳೆದುಹೋಯಿತು.

ಅಂದಿನಿಂದ ಗೇಟ್ ಎಂಟ್ರಿ ತಾರೀಖನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ಕೊನೆ ಗಳಿಗೆಯಲ್ಲಿ ನಾವು ಬದಲಿಸಿದ ಶೆಡ್ಯೂಲನ್ನು ತಡ ಎಂದು ಎಣಿಸುವುದಿಲ್ಲ. ಮೀಟಿಂಗ್‌ಗೆ ಐದು ದಿನ ಮುಂಚೆ ತಡವಾದ ಲಾಟ್‌ಗಳ ಪಟ್ಟಿ ಅವರಿಗೆ ಹೋಗುತ್ತದೆ. ತಕರಾರಿದ್ದರೆ ಫೋನಿನಲ್ಲೇ ಮುಗಿಯಬೇಕು.

ಗುಣಮಟ್ಟದ ಲೆಕ್ಕ ಸುಲಭ. ಅವರು ಕಳಿಸಿದ 12,000 ಬುಷ್‌ಗಳಲ್ಲಿ 18 ರಿಜೆಕ್ಟ್ ಆಗಿದ್ದವು, ಅಂದರೆ 1,500 ಪಿಪಿಎಂ, ಹತ್ತು ಲಕ್ಷಕ್ಕೆ 1,500. ಆದರೆ 18ಕ್ಕೆ 18ರದ್ದೂ ಒಂದೇ ದೋಷ, ಬೋರ್ ಅಂದರೆ ಒಳಗಿನ ರಂಧ್ರ ಚಿಕ್ಕದು, ಪಿನ್ ಒಳಗೆ ಹೋಗುತ್ತಿರಲಿಲ್ಲ. ಇದು ಪಿಪಿಎಂ ನೋಡಿದರೆ ಗೊತ್ತಾಗಲ್ಲ.

ಸ್ಪಂದನೆಗೆ ಅಂಕ ಕೊಡುವುದು ಕಷ್ಟ. ಫೋನ್ ಎತ್ತುವವರು ಒಳ್ಳೆಯವರು ಅನ್ನಿಸಿಬಿಡುತ್ತದೆ, ಅಲ್ವಾ? ಹಾಗಾಗಿ ನಾವು ಎರಡನ್ನೇ ಎಣಿಸುತ್ತೇವೆ. ದೂರು ಹೋದ 24 ಗಂಟೆಯೊಳಗೆ ಅವರ ಹತ್ತಿರವೂ ನಮ್ಮ ಹತ್ತಿರವೂ ಇರುವ ಸ್ಟಾಕನ್ನು ಬೇರ್ಪಡಿಸಿದರೇ? 14 ದಿನದೊಳಗೆ ಮೂಲ ಕಾರಣ ಬರೆದು ಕೊಟ್ಟರೇ? ಬುಷ್ ದೂರಿಗೆ ಎರಡೂ ಸಮಯಕ್ಕೆ ಬಂದಿದ್ದವು. ಆದರೆ ಕಾರಣ ಅಂತ ಬರೆದಿದ್ದು "ಆಪರೇಟರ್ ಅಜಾಗರೂಕತೆ, ಎಚ್ಚರಿಕೆ ಕೊಡಲಾಗಿದೆ". ಇದಕ್ಕೆ ನಾನು ಅಂಕ ಕೊಡುವುದಿಲ್ಲ.

ಮರುದಿನ ಅವರ ಶಾಪ್‌ಗೆ ಹೋದೆ. ಆಪರೇಟರ್ ಪ್ರತಿ ಪೀಸಿಗೂ ಬೋರ್ ಅಳತೆ ಪರೀಕ್ಷಿಸುವ ಪ್ಲಗ್ ಗೇಜ್ ಹಾಕಿಯೇ ನೋಡುತ್ತಿದ್ದ. ಚಿಕ್ಕ ಬೋರ್ ಆದರೆ ಒಳಗೆ ಹೋಗಬಾರದ ಗೇಜಿನ 'ಗೋ' ತುದಿಯೇ ಸವೆದು ಸಣ್ಣದಾಗಿತ್ತು, ಹಾಗಾಗಿ ಚಿಕ್ಕ ಬೋರ್‌ಗೂ ಸಲೀಸಾಗಿ ಹೋಗುತ್ತಿತ್ತು. ಕ್ಯಾಲಿಬ್ರೇಷನ್ ತಾರೀಖು ದಾಟಿ ಎಷ್ಟೋ ದಿನವಾಗಿತ್ತು.

ಮುಂದಿನ ಮೀಟಿಂಗ್‌ಗೆ ಎರಡೇ ಕೆಲಸ ಬರೆದುಕೊಂಡೆವು. ಹೊಸ ಗೇಜ್, ಅದರ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಸಮೇತ. ಪ್ಲೇಟಿಂಗ್ ಅಂಗಡಿಯಲ್ಲಿ ವಾರಕ್ಕೆ ಎರಡು ದಿನ ನಮ್ಮ ಬುಷ್‌ಗೆ ಮೀಸಲು. ಎರಡಕ್ಕೂ ಹೆಸರು, ತಾರೀಖು ಹಾಕಿದೆವು. ಸತತ ಮೂರು ಲಾಟ್ ಬೋರ್ ದೋಷವಿಲ್ಲದೆ ಬಂದ ಮೇಲೆಯೇ ಆ ದೂರನ್ನು ಮುಚ್ಚಿದೆ.