ದಿಗಿಣವನ್ನು ನಿಧಾನಗೊಳಿಸಿಯೂ ತಾಳ ತಪ್ಪದಂತೆ ಇಡುವುದು: ಫ್ರೇಮ್ ಬ್ಲೆಂಡಿಂಗ್ ಮತ್ತು ಸ್ಪೀಡ್ ರ‍್ಯಾಂಪ್ ಕುರಿತ ಟಿಪ್ಪಣಿ

ಡೊಂಬಿವಲಿಯಲ್ಲಿ ರವಿವಾರದ ಸಂಜೆ ಸೇರಿ ವಿಡಿಯೊ ಎಡಿಟಿಂಗ್ ಕಲಿಯುವ ನಮ್ಮ ಸಣ್ಣ ಗುಂಪಿನ ಸಹಪಾಠಿಗಳಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಮಾಟುಂಗದ ಸಭಾಂಗಣವೊಂದರಲ್ಲಿ ನಡೆದ ತೆಂಕುತಿಟ್ಟಿನ ಯಕ್ಷಗಾನದಲ್ಲಿ ನಾನು ಚಿತ್ರೀಕರಿಸಿದ ದಿಗಿಣದ ಒಂದು ತುಣುಕನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ವೇಷಧಾರಿಯು ರಂಗದ ಸುತ್ತ ಸುಮಾರು ಮೂರು ಸೆಕೆಂಡು ಕುಣಿದು ಬಂದು, ಅರ್ಧ ಸೆಕೆಂಡು ಗಾಳಿಯಲ್ಲಿ ತಿರುಗಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಲಕ್ಕೆ ಇಳಿಯುತ್ತಾನೆ. ಗಾಳಿಯಲ್ಲಿರುವ ಆ ಅರ್ಧ ಸೆಕೆಂಡನ್ನು ಹಿಗ್ಗಿಸಬೇಕು, ಆದರೆ ಹಿಮ್ಮೇಳದ ಧ್ವನಿಯನ್ನು ಮುಟ್ಟಬಾರದು ಮತ್ತು ಇಳಿಯುವ ಕಾಲು ಅದೇ ಪೆಟ್ಟಿಗೆ ಬೀಳಬೇಕು ಎಂಬುದು ನಮ್ಮ ಮುಂದಿದ್ದ ಕೆಲಸ.

ತುಣುಕನ್ನು ಸೆಕೆಂಡಿಗೆ 50 ಫ್ರೇಮ್‌ಗಳಲ್ಲಿ ತೆಗೆದಿದ್ದೆ, ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್‌ಗಳದ್ದು. ಇದರ ಅರ್ಥವನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. 100% ವೇಗದಲ್ಲಿ ಟೈಮ್‌ಲೈನಿನ ಪ್ರತಿ ಫ್ರೇಮಿಗೆ ಮೂಲ ತುಣುಕಿನಲ್ಲಿ ಎರಡು ಫ್ರೇಮ್ ಮುಂದೆ ಹೋಗುತ್ತೇವೆ, ಅಂದರೆ ಒಂದನ್ನು ತೋರಿಸಿ ಒಂದನ್ನು ಬಿಡುತ್ತೇವೆ. 50% ವೇಗದಲ್ಲಿ ಪ್ರತಿ ಫ್ರೇಮಿಗೆ ಒಂದೇ ಫ್ರೇಮ್ ಮುಂದೆ ಹೋಗುವುದರಿಂದ, ಕ್ಯಾಮೆರಾ ಹಿಡಿದ ಎಲ್ಲ ಫ್ರೇಮುಗಳೂ ಒಂದೊಂದು ಬಾರಿ ತೆರೆಗೆ ಬರುತ್ತವೆ. ಇಲ್ಲಿ ಹೊಸದಾಗಿ ಹುಟ್ಟಿಸಬೇಕಾದದ್ದು ಏನೂ ಇಲ್ಲ, ಆದ್ದರಿಂದ ಅಕ್ಕಪಕ್ಕದ ಫ್ರೇಮುಗಳನ್ನು ಬೆರೆಸಿ ನಡುವಿನದನ್ನು ತುಂಬುವ ಫ್ರೇಮ್ ಬ್ಲೆಂಡಿಂಗಿಗೆ ಇಲ್ಲಿ ಕೆಲಸವೂ ಇಲ್ಲ. ನಿಧಾನಗೊಳಿಸಿದ ಭಾಗಕ್ಕೇ ಬ್ಲೆಂಡಿಂಗ್ ಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ತಿಳಿದದ್ದು ಬೇರೆ: ಈ ತುಣುಕಿನಲ್ಲಿ ಅದು ಬೇಕಾಗುವುದು ವೇಗ ಹೆಚ್ಚಿಸಿದ ಭಾಗಕ್ಕೆ ಮತ್ತು ಒಂದು ವೇಗದಿಂದ ಇನ್ನೊಂದಕ್ಕೆ ಜಾರುವ ಭಾಗಕ್ಕೆ.

ಹಾಗಿದ್ದರೆ ಇನ್ನೂ ನಿಧಾನ ಮಾಡಿ 25% ಇಟ್ಟರೆ ಏನಾಗುತ್ತದೆ? ಟೈಮ್‌ಲೈನಿನ ಪ್ರತಿ ಹೆಜ್ಜೆಗೆ ಅರ್ಧ ಫ್ರೇಮ್ ಮಾತ್ರ ಮುಂದೆ ಹೋಗಬೇಕಾಗುತ್ತದೆ. ಅರ್ಧ ಫ್ರೇಮ್ ಎಂಬುದು ಕ್ಯಾಮೆರಾದಲ್ಲಿ ಇಲ್ಲದ ವಸ್ತು. ಬ್ಲೆಂಡಿಂಗ್ ಇಲ್ಲದಿದ್ದರೆ ಪ್ರತಿ ಫ್ರೇಮೂ ಎರಡು ಬಾರಿ ಕಾಣಿಸಿ ಚಿತ್ರ ತಡವರಿಸುತ್ತದೆ. ಬ್ಲೆಂಡಿಂಗ್ ಇದ್ದರೆ ಒಂದು ನಿಜವಾದ ಫ್ರೇಮ್, ಮುಂದಿನದು ಅಕ್ಕಪಕ್ಕದ ಎರಡನ್ನು ಅರ್ಧರ್ಧ ಬೆರೆಸಿದ ಫ್ರೇಮ್, ಹೀಗೆ ಒಂದು ಬಿಟ್ಟು ಒಂದು ಬರುತ್ತದೆ. ಬೆರೆಸಿದ ಫ್ರೇಮಿನಲ್ಲಿ ಕೈ ನಡುವಿನ ಜಾಗಕ್ಕೆ ಸರಿದಿರುವುದಿಲ್ಲ. ಹಿಂದಿನ ಜಾಗದಲ್ಲೊಂದು, ಮುಂದಿನ ಜಾಗದಲ್ಲೊಂದು ಮಸುಕಾದ ಕೈ ಇರುತ್ತದೆ. ಬ್ಲೆಂಡಿಂಗ್ ಚಲನೆಯನ್ನು ಊಹಿಸುವುದಿಲ್ಲ, ಎರಡು ಚಿತ್ರಗಳನ್ನು ಒಂದರ ಮೇಲೊಂದು ಹಾಸುತ್ತದೆ ಅಷ್ಟೆ.

ಆ ಎರಡು ಕೈಗಳು ಬೇರೆ ಬೇರೆಯಾಗಿ ಕಾಣುತ್ತವೆಯೋ ಒಂದೇ ಹರಿವಾಗಿ ಕಾಣುತ್ತವೆಯೋ ಎಂಬುದನ್ನು ನಿರ್ಧರಿಸುವುದು ಷಟರ್ ವೇಗ. ವೇಷಧಾರಿಯ ಬೆರಳತುದಿ ದೇಹದ ಅಕ್ಷದಿಂದ ಸುಮಾರು 70 ಸೆಂಟಿಮೀಟರ್ ದೂರದಲ್ಲಿದ್ದು, ಅರ್ಧ ಸೆಕೆಂಡಿನಲ್ಲಿ ಒಂದು ಸುತ್ತು ಪೂರ್ಣವಾಗುತ್ತದೆ ಎಂದುಕೊಳ್ಳೋಣ. ಆಗ ಬೆರಳು 25 ಫ್ರೇಮುಗಳಲ್ಲಿ ಸುಮಾರು 4.4 ಮೀಟರ್ ಚಲಿಸುತ್ತದೆ, ಅಂದರೆ ಫ್ರೇಮಿಗೆ ಸುಮಾರು 18 ಸೆಂಟಿಮೀಟರ್. ಷಟರ್ 1/100 ಆಗಿದ್ದರೆ ಪ್ರತಿ ಫ್ರೇಮಿನಲ್ಲಿ ಆ ದಾರಿಯ ಅರ್ಧ, ಅಂದರೆ 9 ಸೆಂಟಿಮೀಟರ್ ಮಾತ್ರ ಗೀರಾಗಿ ದಾಖಲಾಗುತ್ತದೆ, ಉಳಿದ 9 ಸೆಂಟಿಮೀಟರ್ ಖಾಲಿ. ಬೆರೆಸಿದಾಗ ಆ ಖಾಲಿ ಜಾಗವೇ ಎರಡು ಕೈಗಳ ನಡುವಿನ ಬಿರುಕಾಗಿ ಕಣ್ಣಿಗೆ ಹೊಡೆಯುತ್ತದೆ. ಷಟರ್ 1/50 ಆಗಿದ್ದರೆ ಒಂದು ಫ್ರೇಮಿನ ಗೀರು ಮುಗಿಯುವಲ್ಲೇ ಮುಂದಿನ ಫ್ರೇಮಿನ ಗೀರು ಶುರುವಾಗುತ್ತದೆ, ಹಾಗಾಗಿ ಬೆರೆಸಿದ ಚಿತ್ರದಲ್ಲಿ ಉದ್ದವಾದ ಒಂದೇ ಗೀರು ಕಾಣುತ್ತದೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ರಂಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕಬಹುದು. 1/50 ಮತ್ತು 1/100 ಎರಡೂ ಆ ಮಿಣುಕಿಗೆ ಹೊಂದುತ್ತವೆ. ಬ್ಲೆಂಡಿಂಗ್ ಮಾಡುವ ಉದ್ದೇಶವಿದ್ದರೆ 1/50 ಇಡಿ ಎಂಬುದು ನನ್ನ ಅಭಿಪ್ರಾಯ. ಕಿರೀಟದ ಕೆಲಸ ಸ್ವಲ್ಪ ಮೃದುವಾಗಿ ಕಾಣುತ್ತದೆ ಎಂಬುದು ನಿಜ, ಅದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಈಗ ತಾಳದ ಲೆಕ್ಕಕ್ಕೆ ಬರೋಣ. ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸಿ ಹಾಗೆಯೇ ಬಿಟ್ಟಿದ್ದೇವೆ. ತುಣುಕಿನ ಮೊದಲಿನಿಂದ ಕಾಲು ನೆಲ ಬಿಡುವವರೆಗೆ 3.1 ಸೆಕೆಂಡು, ಗಾಳಿಯಲ್ಲಿ 0.5 ಸೆಕೆಂಡು, ಒಟ್ಟು 3.6 ಸೆಕೆಂಡು, ಅಂದರೆ ಟೈಮ್‌ಲೈನಿನಲ್ಲಿ 90 ಫ್ರೇಮ್. ಚೆಂಡೆಯ ಪೆಟ್ಟು 90ನೇ ಫ್ರೇಮಿನ ಕೊನೆಗೇ ಬೀಳುತ್ತದೆ, ಅದು ಅಲುಗುವುದಿಲ್ಲ. ಜಿಗಿತವನ್ನು 50% ಮಾಡಿದರೆ ಅದು ಒಂದು ಸೆಕೆಂಡು, ಅಂದರೆ 25 ಫ್ರೇಮ್ ಹಿಡಿಯುತ್ತದೆ. ಉಳಿಯುವುದು 65 ಫ್ರೇಮ್. 3.1 ಸೆಕೆಂಡಿನ ಕುಣಿತ ಈ 65 ಫ್ರೇಮಿನೊಳಗೆ, ಅಂದರೆ 2.6 ಸೆಕೆಂಡಿನೊಳಗೆ ಮುಗಿಯಬೇಕು. ಜಿಗಿತಕ್ಕೆ ಕೊಟ್ಟ ಹೆಚ್ಚುವರಿ ಅರ್ಧ ಸೆಕೆಂಡನ್ನು ಕುಣಿತದಿಂದಲೇ ಹಿಂದಕ್ಕೆ ಪಡೆಯಬೇಕು.

ಕುಣಿತದಿಂದ ಜಿಗಿತಕ್ಕೆ ವೇಗ ಒಮ್ಮೆಲೇ ಇಳಿದರೆ ನೋಡುವವರಿಗೆ ಎಡವಿದಂತಾಗುತ್ತದೆ, ಆದ್ದರಿಂದ ಕೊನೆಯ 10 ಫ್ರೇಮುಗಳನ್ನು, ಅಂದರೆ 0.4 ಸೆಕೆಂಡನ್ನು ರ‍್ಯಾಂಪಿಗೆ ಮೀಸಲಿಡೋಣ. ಮೊದಲ 55 ಫ್ರೇಮ್, ಅಂದರೆ 2.2 ಸೆಕೆಂಡು, ಸ್ಥಿರವಾದ v ವೇಗದಲ್ಲಿ ಓಡುತ್ತದೆ. ರ‍್ಯಾಂಪಿನ ಸರಾಸರಿ ವೇಗ v ಮತ್ತು 0.5ರ ನಡುವಿನದು. ವೇಗವನ್ನು ಕಾಲದಿಂದ ಗುಣಿಸಿದರೆ ಮೂಲ ತುಣುಕಿನ ಎಷ್ಟು ಭಾಗ ಖರ್ಚಾಯಿತು ಎಂಬುದು ಸಿಗುತ್ತದೆ:

```
2.2 v + 0.4 (v + 0.5) / 2 = 3.1
2.4 v + 0.1 = 3.1
v = 1.25
```

ಕುಣಿತವನ್ನು 125% ವೇಗದಲ್ಲಿ ಇಟ್ಟರೆ ಸಾಕು. ಇದು ತುಸು ಚುರುಕಾದ ಕುಣಿತದಂತೆ ಕಾಣುತ್ತದೆಯೇ ಹೊರತು ಓಡಿಸಿದ ಚಿತ್ರದಂತೆ ಕಾಣುವುದಿಲ್ಲ. ಆದರೆ ಕುಣಿತದ ಒಳಗಿನ ಹೆಜ್ಜೆಗಳು ನಡುವಿನ ಪೆಟ್ಟುಗಳಿಗೆ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ನಾನು ಆ ಭಾಗದಲ್ಲಿ ಸೊಂಟದ ಮೇಲಿನ ಚೌಕಟ್ಟನ್ನು ಮಾತ್ರ ಉಳಿಸಿಕೊಂಡು, ಕಾಲುಗಳು ಕಾಣದಂತೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿದೆ. ಜಿಗಿತವನ್ನು 25% ಮಾಡಲು ಹೊರಟಿದ್ದರೆ ಕುಣಿತದ ವೇಗ ಸುಮಾರು ಎರಡು ಪಟ್ಟಾಗಬೇಕಿತ್ತು, ಅದನ್ನು ಯಾವ ಚೌಕಟ್ಟೂ ಮರೆಮಾಚಲಾರದು.

ಬ್ಲೆಂಡಿಂಗ್ ಎಲ್ಲಿ ಬೇಕು ಎಂಬುದು ಈಗ ತಾನಾಗಿ ಗೊತ್ತಾಗುತ್ತದೆ. 125%ರಲ್ಲಿ ಪ್ರತಿ ಹೆಜ್ಜೆ 2.5 ಮೂಲ ಫ್ರೇಮ್. ಬ್ಲೆಂಡಿಂಗ್ ಇಲ್ಲದಿದ್ದರೆ ಸಾಫ್ಟ್‌ವೇರ್ ಒಮ್ಮೆ ಎರಡು, ಒಮ್ಮೆ ಮೂರು ಫ್ರೇಮ್ ಜಿಗಿಯುತ್ತದೆ, ಆ ಕುಂಟುವಿಕೆ ಕ್ಯಾಮೆರಾ ಅಡ್ಡಲಾಗಿ ಸರಿಯುವಾಗ ಹಿನ್ನೆಲೆಯ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರ‍್ಯಾಂಪಿನಲ್ಲಿ ಹೆಜ್ಜೆ 2.5ರಿಂದ 1ಕ್ಕೆ ಇಳಿಯುವುದರಿಂದ ಪ್ರತಿ ಫ್ರೇಮಿಗೂ ಬೇರೆ ಬೇರೆ ಭಿನ್ನರಾಶಿ ಬರುತ್ತದೆ, ಅಲ್ಲಿ ತಡವರಿಕೆಗೆ ಒಂದು ಲಯವೂ ಇರುವುದಿಲ್ಲ. ಎರಡೂ ಕಡೆ ಬ್ಲೆಂಡಿಂಗ್ ಅದನ್ನು ತುಂಬಿಕೊಡುತ್ತದೆ. ಇದಕ್ಕೆ ಬೆಲೆಯಾಗಿ ಒಂದು ಫ್ರೇಮ್ ಸ್ಫುಟ, ಒಂದು ಫ್ರೇಮ್ ಮೃದು ಎಂಬ ಸಣ್ಣ ಮಿಡಿತ ಬರುತ್ತದೆ. 1/50 ಷಟರಿನಲ್ಲಿ ಅದು ಬಹುಮಟ್ಟಿಗೆ ಅಡಗುತ್ತದೆ.

ಡಾವಿಂಚಿ ರಿಸಾಲ್ವ್‌ನಲ್ಲಿ ಮಾಡುವ ಕ್ರಮ ಹೀಗಿದೆ. ತುಣುಕನ್ನು ಆರಿಸಿ `Ctrl+R` ಒತ್ತಿದರೆ ವೇಗದ ನಿಯಂತ್ರಣಗಳು ತೆರೆಯುತ್ತವೆ. ಕಾಲು ನೆಲ ಬಿಡುವ ಫ್ರೇಮಿನಲ್ಲಿ ಮತ್ತು ನೆಲ ಮುಟ್ಟುವ ಫ್ರೇಮಿನಲ್ಲಿ `Add Speed Point` ಕೊಟ್ಟು, ನಡುವಿನ ಭಾಗಕ್ಕೆ 50%, ಮೊದಲ ಭಾಗಕ್ಕೆ 125% ಕೊಡಬೇಕು. ನಂತರ ತುಣುಕಿನ ಮೇಲೆ ಬಲ ಕ್ಲಿಕ್ ಮಾಡಿ `Retime Curve` ತೆರೆದು, `Retime Speed` ಗೆರೆಯಲ್ಲಿ ರ‍್ಯಾಂಪನ್ನು ಎಳೆದು, ಅದರ ಮೂಲೆಗಳನ್ನು ದುಂಡಗೆ ಮಾಡಬೇಕು. ರ‍್ಯಾಂಪ್ ಎರಡೂ ತುದಿಯಲ್ಲಿ ಸಮನಾಗಿ ದುಂಡಾಗಿದ್ದರೆ ಗೆರೆಯ ಕೆಳಗಿನ ವಿಸ್ತೀರ್ಣ ನೇರ ಗೆರೆಯಷ್ಟೇ ಇರುತ್ತದೆ, ನಮ್ಮ ಲೆಕ್ಕ ಕೆಡುವುದಿಲ್ಲ. ಒಂದು ತುದಿಯನ್ನು ಮಾತ್ರ ಹೆಚ್ಚು ಎಳೆದರೆ ವಿಸ್ತೀರ್ಣ ಬದಲಾಗಿ ಕಾಲು ಪೆಟ್ಟಿಗಿಂತ ಹಿಂದೆಯೋ ಮುಂದೆಯೋ ಬೀಳುತ್ತದೆ. ಬ್ಲೆಂಡಿಂಗಿಗೆ `Inspector` ಒಳಗಿನ `Retime Process` ಅನ್ನು `Frame Blend` ಎಂದು ಇಡಬೇಕು.

ಅಲ್ಲಿಯೇ ಇರುವ `Optical Flow` ಅನ್ನು ನಮ್ಮ ಗುಂಪಿನ ಗೆಳತಿಯೊಬ್ಬರು ಇದೇ ತುಣುಕಿನ ಮೇಲೆ ಪ್ರಯೋಗಿಸಿ ನೋಡಿದರು. ಅದು ಚಲನೆಯನ್ನು ಊಹಿಸಿ ನಡುವಿನ ಫ್ರೇಮನ್ನು ಕಟ್ಟುತ್ತದೆ, ಆದರೆ ತಿರುಗುವ ಕೈ ಎದೆಯ ಆಭರಣದ ಮುಂದೆ ಹಾದುಹೋಗುವಾಗ ಕೈ ಮತ್ತು ಆಭರಣ ಒಂದಕ್ಕೊಂದು ಅಂಟಿ ಕರಗಿದಂತಾದವು. ಒಂದು ವಸ್ತುವಿನ ಹಿಂದೆ ಇನ್ನೊಂದು ಅಡಗಿ ಮತ್ತೆ ಹೊರಬರುವ ದೃಶ್ಯಗಳಲ್ಲಿ ಈ ದೋಷ ಸಾಮಾನ್ಯ.

ನೆಲ ಮುಟ್ಟಿದ ಮೇಲೆ 50%ರಿಂದ 100%ಕ್ಕೆ ರ‍್ಯಾಂಪ್ ಬೇಡ. ನೆಲಕ್ಕೆ ಬಡಿದಾಗ ದೇಹದ ಚಲನೆಯೇ ಥಟ್ಟನೆ ಬದಲಾಗುವುದರಿಂದ ವೇಗದ ಜಿಗಿತ ಅದರಲ್ಲಿ ಮುಚ್ಚಿಹೋಗುತ್ತದೆ. ಅಲ್ಲದೆ ಅಲ್ಲಿ 10 ಫ್ರೇಮಿನ ರ‍್ಯಾಂಪ್ ಇಟ್ಟರೆ 0.4 ಸೆಕೆಂಡಿನಲ್ಲಿ 0.3 ಸೆಕೆಂಡು ಮಾತ್ರ ಖರ್ಚಾಗಿ, ಮುಂದಿನ ಕುಣಿತವೆಲ್ಲ ಧ್ವನಿಗಿಂತ 0.1 ಸೆಕೆಂಡು ಹಿಂದೆ ಉಳಿಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಚೆಂಡೆಯ ಪೆಟ್ಟಿನ ಅಲೆ ಏಳುವ ಜಾಗದಲ್ಲಿ ಒಂದು ಮಾರ್ಕರ್ ಹಾಕಿ, ಅಲ್ಲಿಂದ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸಿ ಪಾದವನ್ನು ನೋಡಿ. ಒಂದು ಫ್ರೇಮಿನ ವ್ಯತ್ಯಾಸ ತಿಳಿಯುವುದಿಲ್ಲ, ಮೂರು ಫ್ರೇಮಿನದು ಯಕ್ಷಗಾನ ನೋಡಿ ಬೆಳೆದವರಿಗೆ ತಕ್ಷಣ ತಿಳಿಯುತ್ತದೆ.

ವೇಗವನ್ನು ಬಹಳ ಹೆಚ್ಚಿಸುವಾಗ ಮಾತ್ರ ಈ ಬಗೆಯ ಬ್ಲೆಂಡಿಂಗ್ ಸಾಲದು. ಚೌಕಿಯಲ್ಲಿ ಬಣ್ಣ ಹಚ್ಚುವ ದೃಶ್ಯವನ್ನು 800% ಮಾಡಿದರೆ ಪ್ರತಿ ಹೆಜ್ಜೆಗೆ 16 ಮೂಲ ಫ್ರೇಮ್ ದಾಟುತ್ತೇವೆ, ಅವುಗಳಲ್ಲಿ ನೆರೆಯ ಎರಡನ್ನು ಬೆರೆಸಿದರೂ ಕೈ ಟಕಟಕನೆ ಜಿಗಿಯುತ್ತಲೇ ಇರುತ್ತದೆ. ಅಲ್ಲಿ ದಾಟಿದ ಫ್ರೇಮುಗಳನ್ನೆಲ್ಲ ಸರಾಸರಿ ಮಾಡಿ ನಿಜವಾದ ಗೀರನ್ನು ಕಟ್ಟಬೇಕು. ಎಫ್‌ಎಫ್‌ಎಂಪೆಗ್‌ನಲ್ಲಿ ಅದು ಒಂದೇ ಸಾಲಿನ ಕೆಲಸ:

```
ffmpeg -i chowki.mp4 -vf "tmix=frames=8,setpts=PTS/8,fps=25" -an chowki_8x.mp4
```

ಇಲ್ಲಿ 16ರ ಬದಲು 8 ಫ್ರೇಮುಗಳ ಸರಾಸರಿ ತೆಗೆದುಕೊಂಡಿದ್ದೇನೆ. 16 ಇಟ್ಟರೆ ಗೀರಿನ ನಡುವೆ ಖಾಲಿ ಜಾಗವೇ ಇರದೆ ಚಲನೆ ಅತ್ಯಂತ ನಯವಾಗುತ್ತದೆ, ಆದರೆ ಹಣೆಯ ಮೇಲೆ ನಾಮ ಎಳೆಯುವ ಕಡ್ಡಿ ಬರೀ ಮಬ್ಬಾಗಿ ಕಾಣುತ್ತದೆ. 8 ಇಟ್ಟಾಗ ಕೈ ಹರಿಯುತ್ತದೆ, ಕಡ್ಡಿಯೂ ಕಾಣುತ್ತದೆ.