ಹಲ್ಲು ನಂಬಬಹುದು, ಚರ್ಮದ ಮೇಲಿನ ಗುರುತು?

ಅಮೆರಿಕದ ಫೀನಿಕ್ಸ್ ನಗರದಲ್ಲಿ 1991ರ ಡಿಸೆಂಬರ್‌ನಲ್ಲಿ ಬಾರ್ ಒಂದರ ಕೆಲಸಗಾರ್ತಿಯ ಕೊಲೆಯಾಯಿತು. ಮೈಮೇಲೆ ಕಚ್ಚಿದ ಗುರುತಿತ್ತು. ಅದೇ ಬಾರ್‌ಗೆ ಬರುತ್ತಿದ್ದ ರೇ ಕ್ರೋನ್ ಅವರ ಹಲ್ಲು ಸೊಟ್ಟ. ಪೊಲೀಸರು ಅವರಿಂದ ಥರ್ಮೋಕೋಲ್ ಲೋಟ ಕಚ್ಚಿಸಿ ಅಚ್ಚು ತೆಗೆದುಕೊಂಡರು. ಗುರುತು ಅವರದೇ ಎಂದು ತಜ್ಞರು ಸಾಕ್ಷಿ ಹೇಳಿದರು. 1992ರಲ್ಲಿ ಮರಣದಂಡನೆಯಾಯಿತು. 1996ರ ಮರುವಿಚಾರಣೆಯಲ್ಲೂ ಅವರೇ ಅಪರಾಧಿ ಎನಿಸಿದರು. ಕೊನೆಗೆ 2002ರಲ್ಲಿ ಆಕೆಯ ಬಟ್ಟೆಯ ಮೇಲಿನ ಡಿಎನ್‌ಎ ಬೇರೊಬ್ಬನದು ಎಂದು ಗೊತ್ತಾಗಿ ಬಿಡುಗಡೆಯಾದರು. ಹತ್ತು ವರ್ಷ ಸುಮ್ನೆ ಜೈಲಿನಲ್ಲಿ ಕಳೆದುಹೋಗಿತ್ತು.

ತಪ್ಪಿದ್ದೆಲ್ಲಿ? ಹೋಲಿಸುವ ಕ್ರಮ ಸರಳ. ಗುರುತಿನ ಪಕ್ಕ ಅಳತೆಪಟ್ಟಿ ಇಟ್ಟು ನೇರವಾಗಿ ಫೋಟೋ ತೆಗೆಯುತ್ತಾರೆ. ಶಂಕಿತನ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರ್ ಮಾದರಿ ಮಾಡುತ್ತಾರೆ. ಹಲ್ಲಿನ ಅಂಚುಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ, ಅದೇ ಅಳತೆಯ ಫೋಟೋ ಮೇಲಿಟ್ಟು ನೋಡುತ್ತಾರೆ. ತೊಂದರೆ ಇರುವುದು ಚರ್ಮದಲ್ಲಿ. ಅದು ಮೇಣವಲ್ಲ. ಕಚ್ಚುವಾಗ ಎಳೆದುಕೊಳ್ಳುತ್ತದೆ, ಆಮೇಲೆ ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟಿ ಅಂಚು ಮಸುಕಾಗುತ್ತದೆ. ಸಾಮಾನ್ಯವಾಗಿ ಮುಂದಿನ ಕೆಲವೇ ಹಲ್ಲುಗಳು ಮೂಡುತ್ತವೆ. ಅಷ್ಟರಲ್ಲಿ ಸೊಟ್ಟ ಹಲ್ಲಿನವರು ಸಿಕ್ಕಿದರೆ ಹೊಂದಿದಂತೆಯೇ ಕಾಣುತ್ತದೆ, ಅಲ್ವಾ? ಅದಕ್ಕೇ ಕಚ್ಚಿದ ಗುರುತು ಕಂಡರೆ ತೊಳೆಯುವ ಮೊದಲೇ ಒದ್ದೆ ಹತ್ತಿಯಿಂದ, ಆಮೇಲೆ ಒಣ ಹತ್ತಿಯಿಂದ ಒರೆಸಿ ಎಂಜಲು ತೆಗೆದಿಡಬೇಕು. ಗುರುತಿನ ಆಕಾರಕ್ಕಿಂತ ಆ ಎಂಜಲಿನ ಡಿಎನ್‌ಎ ಮೇಲೆ ನನಗೆ ಜಾಸ್ತಿ ನಂಬಿಕೆ.

ಹಾಗಂತ ಗುರುತು ಪೂರ್ತಿ ವ್ಯರ್ಥವಲ್ಲ. 2012ರ ದೆಹಲಿ ಬಸ್ ಪ್ರಕರಣದಲ್ಲಿ ಫೋಟೋಗಳನ್ನೂ ಆರೋಪಿಗಳ ಹಲ್ಲಿನ ಮಾದರಿಗಳನ್ನೂ ಪರಿಶೀಲಿಸಿದವರು ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಡಾ. ಅಶಿತ್ ಆಚಾರ್ಯ. ಕನಿಷ್ಠ ಮೂರು ಗುರುತು ಒಬ್ಬ ಆರೋಪಿಯವು, ಇನ್ನೊಂದು ಬಹುಶಃ ಮತ್ತೊಬ್ಬನದು ಎಂದು ಅವರು ವರದಿ ಕೊಟ್ಟರು. ಇಲ್ಲಿದ್ದ ಪ್ರಶ್ನೆ ಬೇರೆ. ಇಡೀ ಊರಿನಲ್ಲಿ ಕಚ್ಚಿದವರನ್ನು ಹುಡುಕಬೇಕಿರಲಿಲ್ಲ, ಬಸ್ಸಿನಲ್ಲಿದ್ದ ಕೆಲವರಲ್ಲಿ ಯಾರು ಎಂದು ನೋಡಬೇಕಿತ್ತು. ಜೊತೆಗೆ ಡಿಎನ್‌ಎ ಸಾಕ್ಷ್ಯವೂ ಇತ್ತು.

ಚರ್ಮ ಬಿಟ್ಟು ಹಲ್ಲನ್ನೇ ನೋಡಿದರೆ ಗಟ್ಟಿ ಉತ್ತರ ಸಿಗುತ್ತದೆ. ಸುಟ್ಟ ದೇಹದಲ್ಲೂ ಹಲ್ಲು ಉಳಿಯುವುದುಂಟು. ಬದುಕಿದ್ದಾಗ ತೆಗೆದ ಎಕ್ಸ್‌ರೇ ಇದ್ದರೆ, ತುಂಬಿದ ಹುಳುಕು, ಕಿತ್ತ ಹಲ್ಲು, ಬೇರಿನ ಆಕಾರ ಹೋಲಿಸಿ ಗುರುತು ಹಿಡಿಯಬಹುದು.

ಮಕ್ಕಳ ವಯಸ್ಸನ್ನೂ ಎಕ್ಸ್‌ರೇ ಹೇಳುತ್ತದೆ. ಕೆಳದವಡೆಯ ಎಡಗಡೆಯ ಏಳು ಹಲ್ಲು ಎಷ್ಟು ಬೆಳೆದಿವೆ ಎಂದು ಎಂಟು ಹಂತಗಳಲ್ಲಿ ಅಳೆಯುವ ಡೆಮಿರ್ಜಿಯನ್ ಕ್ರಮ 1973ರಲ್ಲಿ ಬಂತು. ಅದು ಕೆನಡಾದ ಮಕ್ಕಳ ಲೆಕ್ಕ. ನಮ್ಮ ಮಕ್ಕಳಿಗೆ ಹೊಂದುವ ಸೂತ್ರವನ್ನು ಆಮೇಲೆ ಇದೇ ಆಚಾರ್ಯ ಅವರು ರೂಪಿಸಿದರು. ಆದರೆ ಹದಿನಾರರ ಹೊತ್ತಿಗೆ ಆ ಏಳೂ ಹಲ್ಲು ಬೆಳೆದು ಮುಗಿದಿರುತ್ತವೆ. ಕೋರ್ಟು ಕೇಳುವುದು 18 ದಾಟಿದೆಯೇ ಎಂದು. ಆಗ ಉಳಿಯುವುದು ಬುದ್ಧಿಹಲ್ಲು ಮಾತ್ರ. ಅದರ ಬೇರಿನ ತುದಿ ಕೆಲವರಲ್ಲಿ ಬೇಗ ಮುಚ್ಚುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ತಡ. ಅದಕ್ಕೇ ಒಳ್ಳೆಯ ದಂತತಜ್ಞರು ಒಂದೇ ವಯಸ್ಸು ಬರೆಯುವುದಿಲ್ಲ, ಇಷ್ಟರಿಂದ ಇಷ್ಟರ ಒಳಗೆ ಎಂದು ಬರೆಯುತ್ತಾರೆ.